ಕಂಪನಿ ಕೈ ಬದಲಾದಾಗ ಗ್ರಾಹಕರಿಗೆ ಯಾವ ಪತ್ರ? ಷೇರು ಖರೀದಿ, ವ್ಯವಹಾರ ವರ್ಗಾವಣೆ, ವಿಲೀನ: ಒಂದು ಹೋಲಿಕೆ

"ನಮ್ಮ ಕಂಪನೀನ ಇನ್ನೊಬ್ರು ತಗೊಂಡಿದಾರೆ, ಕ್ಲೈಂಟ್‌ಗಳಿಗೆಲ್ಲ ಕಳಿಸೋಕೆ ಒಂದು ಮೇಲ್ ಬರೆದುಕೊಡಿ" ಎಂದು ಯಾರಾದರೂ ಬಂದರೆ, ಬರೆಯಲು ಕೂರುವ ಮೊದಲು ಅವರದೊಂದು ಹಳೆಯ ಬಿಲ್ ತರಿಸಿಕೊಳ್ಳುತ್ತೇನೆ. ಬಿಲ್ಲಿನ ತಲೆಯಲ್ಲಿರುವ ಹೆಸರು, ಪ್ಯಾನ್, ಜಿಎಸ್‌ಟಿ ನಂಬರ್, ಅಡಿಯಲ್ಲಿರುವ ಬ್ಯಾಂಕ್ ಖಾತೆ, ಈ ನಾಲ್ಕಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕೇಳುತ್ತೇನೆ: ಇವುಗಳಲ್ಲಿ ಯಾವುದು ಬದಲಾಗುತ್ತದೆ, ಯಾವ ತಾರೀಖಿನಿಂದ? ಮಾರಾಟದ ಬೆಲೆಯನ್ನು ಬಾಯಿಪಾಠ ಹೇಳುವ ಮಾಲೀಕರು ಈ ಪ್ರಶ್ನೆಗೆ ಮಾತ್ರ "ಆಡಿಟರ್‌ನ ಕೇಳಿ ಹೇಳ್ತೀನಿ" ಎನ್ನುತ್ತಾರೆ.

ಗ್ರಾಹಕರ ಕಡೆಯಿಂದ ನೋಡಿದರೆ ಇದು ಬಿಟ್ಟು ಬೇರೆ ಸುದ್ದಿಯೇ ಇಲ್ಲ. ನಿಮ್ಮ ಕಂಪನಿಯನ್ನು ಯಾರು ಕೊಂಡರು, ಎಷ್ಟಕ್ಕೆ, ಮುಂದಿನ ಕನಸೇನು ಎಂಬುದು ಅವರ ಅಕೌಂಟ್ಸ್ ವಿಭಾಗಕ್ಕೆ ಬೇಡ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ದುಡ್ಡು ಯಾರ ಹೆಸರಿಗೆ ಹಾಕಬೇಕು, ಈಗಿರುವ ದರ ಮತ್ತು ಕರಾರು ಉಳಿಯುತ್ತವೆಯೋ ಇಲ್ಲವೋ, ಅಷ್ಟು ಬೇಕು. ಇದಕ್ಕೆ ಉತ್ತರ ಸಿಗುವುದು ವ್ಯವಹಾರ ಯಾವ ದಾರಿಯಲ್ಲಿ ನಡೆದಿದೆ ಎಂಬುದರಿಂದ. ಆದ್ದರಿಂದ ಪತ್ರಗಳ ಹೋಲಿಕೆಗೆ ಮೊದಲು ದಾರಿಗಳ ಹೋಲಿಕೆ ಆಗಬೇಕು. ಇಲ್ಲಿ ಹೇಳುತ್ತಿರುವುದೆಲ್ಲ ಭಾರತದ ಕಾನೂನಿನಂತೆ, ಅದರಲ್ಲೂ ಪೀಣ್ಯ, ಬೊಮ್ಮಸಂದ್ರದ ಕಡೆ ಕಾಣುವಂಥ ಮಧ್ಯಮ ಗಾತ್ರದ ಸೇವಾ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೂರು ದಾರಿ, ಮೂರು ಬೇರೆ ಸುದ್ದಿ

ಮೊದಲನೆಯದು ಷೇರು ಖರೀದಿ. ಹಳೆಯ ಮಾಲೀಕರ ಷೇರುಗಳನ್ನು ಹೊಸಬರು ಕೊಳ್ಳುತ್ತಾರೆ, ಕಂಪನಿ ಇದ್ದ ಹಾಗೇ ಇರುತ್ತದೆ. ಮನೆ ಅದೇ, ಯಜಮಾನ ಬೇರೆ. ಎರಡನೆಯದು ವ್ಯವಹಾರ ವರ್ಗಾವಣೆ. ಆಡಿಟರುಗಳು ಸ್ಲಂಪ್ ಸೇಲ್ ಎನ್ನುವುದು ಸಾಮಾನ್ಯವಾಗಿ ಇದನ್ನೇ. ಕಂಪನಿಯನ್ನಲ್ಲ, ಅದು ನಡೆಸುತ್ತಿದ್ದ ಕಸುಬನ್ನು ಗ್ರಾಹಕರು, ಉಪಕರಣ, ಸಿಬ್ಬಂದಿ ಸಮೇತ ಇಡಿಯಾಗಿ ಇನ್ನೊಂದು ಕಂಪನಿ ಕೊಳ್ಳುತ್ತದೆ. ಹಳೆಯ ಕಂಪನಿ ಕೈಯಲ್ಲಿ ದುಡ್ಡು ಹಿಡಿದುಕೊಂಡು ಇನ್ನೂ ಬದುಕಿರುತ್ತದೆ. ಮೂರನೆಯದು ವಿಲೀನ. 2013ರ ಕಂಪನಿ ಕಾಯ್ದೆಯ 230ರಿಂದ 232ನೇ ಕಲಮುಗಳ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಆದೇಶ ಕೊಟ್ಟ ಮೇಲೆ ಒಂದು ಕಂಪನಿ ಇನ್ನೊಂದರೊಳಗೆ ಕರಗಿಹೋಗುತ್ತದೆ.

| | ಷೇರು ಖರೀದಿ | ವ್ಯವಹಾರ ವರ್ಗಾವಣೆ | ವಿಲೀನ |
|---|---|---|---|
| ಬಿಲ್ಲಿನ ಪ್ಯಾನ್, ಜಿಎಸ್‌ಟಿ ನಂಬರ್ | ಅದೇ | ಕೊಂಡವರದು | ಕೊಂಡವರದು. ಹಳೆಯದು ರದ್ದು |
| ಕರಾರಿಗೆ ಗ್ರಾಹಕರ ಒಪ್ಪಿಗೆ | ಕರಾರಿನಲ್ಲಿ ಷರತ್ತಿದ್ದರೆ ಮಾತ್ರ | ಬೇಕು | ಸಾಮಾನ್ಯವಾಗಿ ಆದೇಶವೇ ಸಾಕು |
| ಬದಲಾವಣೆಯ ದಿನ ಯಾರ ಕೈಯಲ್ಲಿ | ಬಿಲ್ಲಿಗೆ ಸಂಬಂಧವಿಲ್ಲ | ನಿಮ್ಮ ಕೈಯಲ್ಲಿ | ನ್ಯಾಯಮಂಡಳಿಯ ಕೈಯಲ್ಲಿ |
| ಗ್ರಾಹಕರಿಗೆ ಬೀಳುವ ಕೆಲಸ | ಬಹುಪಾಲು ಏನೂ ಇಲ್ಲ | ಹೊಸ ವೆಂಡರ್ ಕೋಡ್, ಹೊಸ ಖರೀದಿ ಆದೇಶ ಅಂದರೆ ಪಿಒ | ಅದೇ, ಜೊತೆಗೆ ಆದೇಶದ ಪ್ರತಿ |

ಷೇರು ಖರೀದಿಯಲ್ಲಿ ಜನ ಮಾಡುವ ತಪ್ಪೆಂದರೆ ಬೇಕಾದ್ದಕ್ಕಿಂತ ದೊಡ್ಡ ಪತ್ರ ಬರೆಯುವುದು. "ನಾವೀಗ ಇಂಥ ದೊಡ್ಡ ಸಮೂಹದ ಭಾಗ" ಎಂದು ಲೋಗೊ ಬದಲಿಸಿ ಮೇಲ್ ಕಳಿಸುತ್ತಾರೆ. ಅದನ್ನು ಓದಿದ ಗ್ರಾಹಕರ ಅಕೌಂಟೆಂಟ್, ಹೊಸ ಕಂಪನಿ ಬಂತು ಎಂದುಕೊಂಡು ಬಾಕಿ ಬಿಲ್ಲುಗಳನ್ನೆಲ್ಲ ತಡೆಹಿಡಿಯುತ್ತಾರೆ. ಇಲ್ಲಿ ಪತ್ರದ ಮೊದಲ ವಾಕ್ಯ ಹೀಗಿದ್ದರೆ ಸಾಕು: "ನಮ್ಮ ಕಂಪನಿಯ ಹೆಸರು, ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ ಯಾವುದೂ ಬದಲಾಗಿಲ್ಲ, ನೀವು ಏನನ್ನೂ ತಿದ್ದಬೇಕಾಗಿಲ್ಲ." ಮಿಕ್ಕ ಸಂಭ್ರಮವನ್ನೆಲ್ಲ ಅದರ ಕೆಳಗೆ ಹಾಕಿಕೊಳ್ಳಿ.

ಕೆಲವು ತಿಂಗಳ ಬಳಿಕ ಹೊಸ ಯಜಮಾನರು ಕಂಪನಿಯ ಹೆಸರನ್ನೇ ಬದಲಿಸಿದರೆ ಅದು ಇನ್ನೊಂದು ಪತ್ರ. ಆಗಲೂ ಪ್ಯಾನ್ ಮತ್ತು ಜಿಎಸ್‌ಟಿ ನಂಬರ್ ಅವೇ, ಹೆಸರಷ್ಟೇ ಬೇರೆ. ಹೆಸರು ಬದಲಿಸಿದ ಕಂಪನಿ ಎರಡು ವರ್ಷ ತನ್ನ ಹಳೆಯ ಹೆಸರನ್ನೂ ಹೊಸದರ ಜೊತೆ ಮುದ್ರಿಸಬೇಕು ಎಂದು ಕಂಪನಿ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಬಿಲ್ಲಿನ ಮೇಲೂ ಅದನ್ನು ಮುದ್ರಿಸಿ. ಕಾನೂನಿನ ಮಾತು ಹಾಗಿರಲಿ, ಬಿಲ್ ಹಿಡಿದುಕೊಂಡ ಸ್ಟೋರ್ಸ್ ಗುಮಾಸ್ತರಿಗೆ ಇವರು ಹಳಬರೇ ಎಂದು ಗೊತ್ತಾಗುವುದು ಆ ಒಂದು ಸಾಲಿನಿಂದ.

ಇನ್ನು ಮುಂದೆ ಹೆಚ್ಚು ಹೇಳುವುದು ಎರಡನೆಯ ದಾರಿಯ ಬಗ್ಗೆ. ಸಣ್ಣ ಕಂಪನಿಗಳ ಮಾರಾಟದಲ್ಲಿ ಗ್ರಾಹಕರಿಗೆ ಅತಿ ಹೆಚ್ಚು ತೊಂದರೆ ಆಗುವುದು ಅಲ್ಲಿಯೇ.

ಕರಾರು: ತಿಳಿಸುವುದೋ, ಕೇಳುವುದೋ

ಪತ್ರದಲ್ಲಿ "ನಿಮ್ಮ ಕರಾರನ್ನು ನಾವು ವರ್ಗಾಯಿಸಿದ್ದೇವೆ" ಎಂದು ಬರೆದುಬಿಟ್ಟರೆ ವರ್ಗಾವಣೆ ಆಗುವುದಿಲ್ಲ. ಕರಾರಿನಲ್ಲಿರುವ ಹಕ್ಕನ್ನು, ಉದಾಹರಣೆಗೆ ಬರಬೇಕಾದ ಹಣವನ್ನು, ಕರಾರು ಬೇಡವೆನ್ನದಿದ್ದರೆ ಇನ್ನೊಬ್ಬರಿಗೆ ಕೊಡಬಹುದು. ಆದರೆ ಮಾಡಬೇಕಾದ ಕೆಲಸದ ಹೊಣೆಯನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ತಲೆಗೆ ಕಟ್ಟಲು ಬರುವುದಿಲ್ಲ. 1962ರ ಖರ್ದಾ ಕಂಪನಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಹಳೆಯ ಕರಾರಿನ ಜಾಗದಲ್ಲಿ ಹೊಸದನ್ನು ಕೂರಿಸುವುದಕ್ಕೆ 1872ರ ಕರಾರು ಕಾಯ್ದೆಯ 62ನೇ ಕಲಮು ದಾರಿ ಕೊಡುತ್ತದೆ, ಅದಕ್ಕೂ ಎಲ್ಲರ ಸಮ್ಮತಿ ಬೇಕು.

ಒಪ್ಪಿಗೆ ಪಡೆಯಲು ಮೂರು ಬಗೆಗಳಿವೆ. ಒಂದು, ಹಳಬರು, ಹೊಸಬರು, ಗ್ರಾಹಕರು ಮೂವರೂ ಸಹಿ ಹಾಕುವ ತ್ರಿಪಕ್ಷೀಯ ಒಪ್ಪಂದ. ಇದು ಗಟ್ಟಿ, ಆದರೆ ದೊಡ್ಡ ಗ್ರಾಹಕರ ಕಾನೂನು ವಿಭಾಗಕ್ಕೆ ಹೋದ ಕಾಗದ ವಾರಗಟ್ಟಲೆ ಅಲ್ಲೇ ಕೂರುತ್ತದೆ. ಎರಡು, ಒಂದು ಪುಟದ ಪತ್ರ ಕಳಿಸಿ ಅದರ ಕೆಳಗೇ "ಒಪ್ಪಿದೆ" ಎಂದು ಸಹಿ ಮತ್ತು ಮೊಹರು ಹಾಕಿಸಿಕೊಳ್ಳುವುದು. ಮೂರು, ಪತ್ರ ಕೊಟ್ಟು, ಹೊಸ ಕಂಪನಿಯ ಹೆಸರಿಗೆ ಹೊಸ ಪಿಒ ಪಡೆಯುವುದು. ಪಿಒ ಕೊಟ್ಟು ಕೆಲಸ ಮಾಡಿಸಿಕೊಂಡು ದುಡ್ಡು ಕೊಟ್ಟವರು ಒಪ್ಪಿಲ್ಲ ಎಂದು ಆಮೇಲೆ ಹೇಳುವುದು ಕಷ್ಟ.

ನಾನು ಕೊಡುವ ಸಲಹೆ: ವರ್ಷಕ್ಕೆ ದೊಡ್ಡ ಮೊತ್ತದ, ದಂಡದ ಷರತ್ತುಗಳಿರುವ ಕರಾರಿಗೆ ಮಾತ್ರ ಮೊದಲನೆಯದು. ಮಧ್ಯದವರಿಗೆ ಎರಡನೆಯದು. ಕರಾರೇ ಇಲ್ಲದೆ ಪಿಒ ಮೇಲೆ ನಡೆಯುವ ಸಣ್ಣ ಗ್ರಾಹಕರಿಗೆ ಮೂರನೆಯದು ಧಾರಾಳವಾಯಿತು. "15 ದಿನದೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿದ್ದೀರೆಂದು ಭಾವಿಸುತ್ತೇವೆ" ಎಂಬ ಸಾಲನ್ನು ಹಲವರು ನಾಲ್ಕನೆಯ ದಾರಿ ಎಂದುಕೊಂಡಿದ್ದಾರೆ. ಬಾಯಿ ಮುಚ್ಚಿಕೊಂಡಿರುವುದು ಒಪ್ಪಿಗೆಯಾಗುವುದಿಲ್ಲ. ಆ ಸಾಲಿನಿಂದ ಗ್ರಾಹಕರಿಗೆ ಸಿಟ್ಟು ಬರುತ್ತದೆ, ನಿಮಗೆ ಸಿಗುವುದೇನೂ ಇಲ್ಲ.

ಷೇರು ಖರೀದಿಯಾದರೂ ಕರಾರುಗಳನ್ನೊಮ್ಮೆ ತಿರುವಿ ಹಾಕಿ. ಕಂಪನಿಯ ನಿಯಂತ್ರಣ ಬೇರೆಯವರಿಗೆ ಹೋದರೆ ಮುಂಚಿತವಾಗಿ ತಿಳಿಸಬೇಕು ಅಥವಾ ಒಪ್ಪಿಗೆ ಪಡೆಯಬೇಕು ಎಂಬ ಷರತ್ತು ದೊಡ್ಡ ಗ್ರಾಹಕರ ಕರಾರುಗಳಲ್ಲಿ ಎಲ್ಲೋ ಹಿಂದಿನ ಪುಟದಲ್ಲಿ ಅವಿತಿರುತ್ತದೆ. ವಿಲೀನದಲ್ಲೂ ಅಷ್ಟೇ: ಕಾನೂನಿನ ಬಲದಿಂದ ಆಗುವ ವರ್ಗಾವಣೆಗೂ ಒಪ್ಪಿಗೆ ಬೇಕೆಂದು ಕೆಲವು ಕರಾರುಗಳು ಮೊದಲೇ ಬೇಲಿ ಹಾಕಿರುತ್ತವೆ. ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದರೆ ಅದು ಹಳೆಯ ಹೆಸರಿನಲ್ಲೇ ಇರುತ್ತದೆ, ಹೊಸದನ್ನು ಮಾಡಿಸಿಕೊಡದೆ ಗ್ರಾಹಕರು ಕಡತ ಮುಚ್ಚುವುದಿಲ್ಲ.

ಯಾವಾಗ ಹೇಳುವುದು

ಮಾರಾಟದ ಕರಾರಿಗೆ ಸಹಿ ಆಗುವ ಮೊದಲೇ ಹೇಳಬಹುದು, ಸಹಿಗೂ ವರ್ಗಾವಣೆಗೂ ನಡುವೆ ಹೇಳಬಹುದು, ಎಲ್ಲ ಮುಗಿದ ದಿನ ಹೇಳಬಹುದು. ಮೊದಲನೆಯದನ್ನು ಒಬ್ಬಿಬ್ಬರಿಗೆ ಮೀಸಲಿಡಿ. ಯಾರು ಒಪ್ಪದಿದ್ದರೆ ಕೊಳ್ಳುವವರು ಹಿಂದೆ ಸರಿಯುತ್ತಾರೋ ಅಂಥ ಗ್ರಾಹಕರಿಗೆ ಮಾತ್ರ, ಅದೂ ಗೋಪ್ಯತೆಯ ಕಾಗದಕ್ಕೆ ಸಹಿ ಪಡೆದು, ಕೊಳ್ಳುವವರಿಗೂ ತಿಳಿಸಿ. ಎರಡರಲ್ಲಿ ಒಂದು ಕಂಪನಿ ಷೇರುಪೇಟೆಯಲ್ಲಿದ್ದರೆ ಅದನ್ನೂ ವಕೀಲರನ್ನು ಕೇಳದೆ ಮಾಡಬೇಡಿ.

ಎಲ್ಲ ಮುಗಿದ ದಿನ ಹೇಳುವುದು ಷೇರು ಖರೀದಿಗೆ ಸರಿಹೋಗುತ್ತದೆ. ವ್ಯವಹಾರ ವರ್ಗಾವಣೆಗೆ ಅದು ತಡವಾಯಿತು. ಕಾರಣ ಸರಳ: ದೊಡ್ಡ ಕಾರ್ಖಾನೆಗಳಲ್ಲಿ ಹೊಸ ವೆಂಡರ್ ಕೋಡ್ ಆಗಲು ಮೂರರಿಂದ ಆರು ವಾರ ಬೇಕು. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ರದ್ದುಮಾಡಿದ ಚೆಕ್, ಉದ್ಯಮ್ ನೋಂದಣಿಯ ಘೋಷಣೆ, ಎಲ್ಲವೂ ಹೊಸ ಕಂಪನಿಯದು ಹೋಗಿ, ಖರೀದಿ ವಿಭಾಗ ನೋಡಿ, ಹಣಕಾಸು ವಿಭಾಗ ನೋಡಿ, ಕೋಡ್ ಬಂದು, ಆ ಮೇಲೆ ಪಿಒ. ಅಷ್ಟರವರೆಗೆ ಹೊಸ ಹೆಸರಿನ ಬಿಲ್ಲನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. ಹಾಗಾಗಿ ಇಲ್ಲಿ ನಡುವಿನ ಕಾಲವೇ ಸರಿ: ವರ್ಗಾವಣೆಗೆ 30ರಿಂದ 45 ದಿನ ಮೊದಲು, ದೊಡ್ಡವರಿಗೆ ಫೋನಿನಲ್ಲಿ, ಅದೇ ದಿನ ಸಂಜೆಯೊಳಗೆ ಎಲ್ಲರಿಗೂ ಪತ್ರ. ಬೆಳಿಗ್ಗೆ ಒಬ್ಬರಿಗೆ ಹೇಳಿ, ಮಾರನೆಯ ವಾರ ಇನ್ನೊಬ್ಬರಿಗೆ ಹೇಳಿದರೆ, ನಡುವಿನ ದಿನಗಳಲ್ಲಿ ನಿಮ್ಮ ಪ್ರತಿಸ್ಪರ್ಧಿಯೇ ಅವರಿಗೆ ಹೇಳಿಯಾಗಿರುತ್ತದೆ.

ಉದ್ಯಮ್ ವಿಷಯ ಹೇಳಿದ ಮೇಲೆ ಒಂದು ಮಾತು. ಸಣ್ಣ ಉದ್ದಿಮೆ ಎಂಬ ಕಾರಣಕ್ಕೆ ನಿಮಗೆ ಗ್ರಾಹಕರು 45 ದಿನದೊಳಗೆ ಹಣ ಕೊಡುತ್ತಿದ್ದಿರಬಹುದು. ಕೊಂಡ ಕಂಪನಿ ದೊಡ್ಡದಾದರೆ ಆ ರಕ್ಷಣೆ ಹೋಗುತ್ತದೆ. ಹಳೆಯ ಉದ್ಯಮ್ ನಂಬರನ್ನೇ ಹೊಸ ಬಿಲ್ಲಿನಲ್ಲಿ ಮುಂದುವರಿಸಿದರೆ ಅದು ಸುಳ್ಳು ಘೋಷಣೆಯಾಗುತ್ತದೆ.

ಒಂದು ಬಿಲ್ಲಿನ ಕಥೆ

ಯುಪಿಎಸ್ ಮತ್ತು ಬ್ಯಾಟರಿಗಳ ವಾರ್ಷಿಕ ನಿರ್ವಹಣೆ ಮಾಡುವ ಒಂದು ಕಂಪನಿ. 62 ಗ್ರಾಹಕರು. ಅದರ ವ್ಯವಹಾರವನ್ನು ಬೇರೆ ರಾಜ್ಯದ ಕಂಪನಿಯೊಂದು ಕೊಂಡಿತು, ವರ್ಗಾವಣೆಯ ದಿನ 2025ರ ಆಗಸ್ಟ್ 1. ಗ್ರಾಹಕರಲ್ಲಿ ತುಮಕೂರಿನ ಕಡೆಯ ಒಂದು ಕಾರ್ಖಾನೆಯದು ವರ್ಷಕ್ಕೆ 6,00,000 ರೂಪಾಯಿಯ ಎಎಂಸಿ. ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಬಿಲ್. ಜುಲೈ 1ರಂದು ಹಳೆಯ ಕಂಪನಿ ಜುಲೈ–ಸೆಪ್ಟೆಂಬರ್ ಅವಧಿಗೆ 1,50,000, ಅದರ ಮೇಲೆ ಶೇ 18 ಜಿಎಸ್‌ಟಿ 27,000, ಒಟ್ಟು 1,77,000 ರೂಪಾಯಿಯ ಬಿಲ್ ಕೊಟ್ಟಿತ್ತು. ಕಾರ್ಖಾನೆ ಆ ಬಿಲ್ಲನ್ನು ಜುಲೈನಲ್ಲೇ ಪುಸ್ತಕಕ್ಕೆ ಹತ್ತಿಸಿ, ಶೇ 2ರಂತೆ 3,000 ಟಿಡಿಎಸ್ ಮುರಿದುಕೊಂಡು, ಉಳಿದ 1,74,000ವನ್ನು ಆಗಸ್ಟ್ ಮಧ್ಯದಲ್ಲಿ ಕೊಡುವುದಿತ್ತು. ಅಷ್ಟರಲ್ಲಿ ವ್ಯವಹಾರ ಕೈ ಬದಲಾಯಿತು.

ಆಗಸ್ಟ್ ಮೊದಲ ವಾರ ಕಾರ್ಖಾನೆಯ ಅಕೌಂಟ್ಸ್‌ನಿಂದ ಫೋನ್. "ಸಾರ್, ಈ ಬಿಲ್ಲಲ್ಲಿ ಎರಡು ತಿಂಗಳ ಕೆಲಸ ಹೊಸ ಕಂಪನಿಯೋರು ಮಾಡ್ತಾರೆ. ದುಡ್ಡು ಯಾರಿಗೆ ಹಾಕ್ಲಿ?" ನ್ಯಾಯವಾದ ಪ್ರಶ್ನೆ.

ಎರಡು ಆಯ್ಕೆಗಳಿದ್ದವು. ಹಳೆಯ ಕಂಪನಿ ಆಗಸ್ಟ್–ಸೆಪ್ಟೆಂಬರಿನ ಪಾಲಾದ 1,00,000 ಮತ್ತು ಅದರ ಜಿಎಸ್‌ಟಿ 18,000ಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಹೊಸ ಕಂಪನಿ ಅಷ್ಟಕ್ಕೇ ಹೊಸ ಬಿಲ್ ಹಾಕುವುದು ಒಂದು. ಕಾಗದದ ಮೇಲೆ ಇದು ಅಚ್ಚುಕಟ್ಟು. ಆದರೆ ಗ್ರಾಹಕರು ಪಡೆದಿದ್ದ 18,000 ಇನ್‌ಪುಟ್ ಕ್ರೆಡಿಟ್ ಹಿಂತಿರುಗಿಸಬೇಕು, ಮತ್ತೆ ಹೊಸ ಬಿಲ್ಲಿನಲ್ಲಿ ಪಡೆಯಬೇಕು, ಕಟ್ಟಿಯಾದ ಟಿಡಿಎಸ್‌ಗೆ ಹೊಂದಾಣಿಕೆ ಮಾಡಬೇಕು, ಹೊಸ ಬಿಲ್ಲಿಗೆ ಹೊಸ ಪಿಒ ಬೇಕು. ನಿಮ್ಮ ಮಾರಾಟಕ್ಕೆ ಅವರು ಯಾಕೆ ಇಷ್ಟು ಮೈಮುರಿಯಬೇಕು? ಇನ್ನೊಂದು, ಬಿಲ್ಲನ್ನು ಇದ್ದಹಾಗೇ ಬಿಡುವುದು. ಗ್ರಾಹಕರು ಹಳೆಯ ಕಂಪನಿಗೇ, ಹಳೆಯ ಖಾತೆಗೇ 1,74,000 ಕೊಡುತ್ತಾರೆ, ಟಿಡಿಎಸ್ ಹಳೆಯ ಪ್ಯಾನ್‌ಗೇ ಇರುತ್ತದೆ. ಮಾಡಬೇಕಾಗಿರುವ ಎರಡು ತಿಂಗಳ ಕೆಲಸದ ಹೊಣೆಯ ಲೆಕ್ಕವನ್ನು ಕೊಂಡವರೂ ಮಾರಿದವರೂ ತಮ್ಮ ಮಾರಾಟದ ಬೆಲೆಯಲ್ಲಿ ಹೊಂದಿಸಿಕೊಳ್ಳುತ್ತಾರೆ. ನಾವು ಇದನ್ನೇ ಆರಿಸಿದೆವು. ಮುಂಗಡ ಬಿಲ್ಲುಗಳಿಗೆ ನಾನು ಯಾವತ್ತೂ ಇದನ್ನೇ ಹೇಳುತ್ತೇನೆ.

ಇದರಿಂದ ಹುಟ್ಟಿದ ನಿಯಮವನ್ನು ಎಲ್ಲ 62 ಜನರಿಗೂ ಎರಡು ಸಾಲಿನಲ್ಲಿ ಬರೆದು ಕಳಿಸಿದೆವು:

> ಬಿಲ್ಲಿನ ತಲೆಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಹಣ, ಅವರ ಪ್ಯಾನ್‌ಗೇ ಟಿಡಿಎಸ್. 31 ಜುಲೈ 2025ರವರೆಗಿನ ತಾರೀಖಿನ ಬಿಲ್ಲುಗಳು ಹಳೆಯ ಕಂಪನಿಯವು, 1 ಆಗಸ್ಟ್ 2025ರಿಂದ ಹೊಸ ಕಂಪನಿಯವು.

ಇಷ್ಟು ಸರಳವಾಗಿ ಹೇಳಲು ಸಾಧ್ಯವಾದದ್ದು ಎರಡು ಕಾರಣಕ್ಕೆ. ವರ್ಗಾವಣೆ ತಿಂಗಳ ಮೊದಲ ದಿನವಿತ್ತು. ನಡು ತಿಂಗಳಾಗಿದ್ದರೆ ಎರಡೂ ಕಂಪನಿಗಳ ಅದೇ ತಿಂಗಳ ಜಿಎಸ್‌ಟಿ ಲೆಕ್ಕ, ಗ್ರಾಹಕರ ಹೊಂದಾಣಿಕೆ ಎಲ್ಲ ಗೋಜಲಾಗುತ್ತಿತ್ತು. ಜೊತೆಗೆ, ಕೆಲಸ ಮುಗಿದ ಮೇಲೆ ಬಿಲ್ ಮಾಡುವ ಗ್ರಾಹಕರಿಗೆ ಜುಲೈ ಕೊನೆಯವರೆಗಿನ ಎಲ್ಲ ಕೆಲಸವನ್ನೂ 31ರ ರಾತ್ರಿಯೊಳಗೆ ಬಿಲ್ ಮಾಡಿ ಮುಗಿಸಿದ್ದೆವು, ಅರ್ಧ ತಿಂಗಳದಾದರೂ ಸರಿ ಎಂದು. ಇನ್ನೂ ಎರಡು ತಿಂಗಳು ತಡೆದು ಕ್ವಾರ್ಟರ್ ಶುರುವಿಗೆ, ಅಕ್ಟೋಬರ್ 1ಕ್ಕೆ ವರ್ಗಾವಣೆ ಇಟ್ಟುಕೊಂಡಿದ್ದರೆ ತುಮಕೂರಿನ ಆ ಫೋನೂ ಬರುತ್ತಿರಲಿಲ್ಲ. ಕೊಳ್ಳುವವರಿಗೆ ಅವಸರವಿತ್ತು.

ಮಾರಾಟದ ಕರಾರಿನಲ್ಲಿ ಹಳೆಯ ಬಾಕಿಗಳೂ ಕೊಂಡವರಿಗೇ ಸೇರಿದರೆ ಈ ನಿಯಮ ನಡೆಯುವುದಿಲ್ಲ. ಆಗ ಹಳೆಯ ಬಿಲ್ಲಿನ ಹಣವೂ ಹೊಸ ಖಾತೆಗೆ ಹೋಗಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 130 ಮತ್ತು 131ನೇ ಕಲಮುಗಳು ಇಲ್ಲಿ ಗ್ರಾಹಕರ ಪರ: ಬಾಕಿ ಕೈಬದಲಾದದ್ದು ಲಿಖಿತವಾಗಿ ತಿಳಿಯುವವರೆಗೆ ಅವರು ಹಳಬರಿಗೆ ಕೊಟ್ಟ ಹಣ ಕೊಟ್ಟಂತೆಯೇ. ಆ ತಿಳಿವಳಿಕೆಯ ಪತ್ರಕ್ಕೆ ಸಹಿ ಹಾಕಬೇಕಾದವರು ಹಳಬರು, ಇಲ್ಲವೇ ಅವರ ಪರವಾಗಿ ಅಧಿಕಾರವುಳ್ಳವರು, ಅವರು ನಿರಾಕರಿಸಿದರೆ ಮಾತ್ರ ಕೊಂಡವರು. ಹೊಸ ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ ತಾನೇ ಸಹಿ ಮಾಡಿ "ಇನ್ನು ನಮಗೆ ಕೊಡಿ" ಎಂದರೆ ಗ್ರಾಹಕರು ಅನುಮಾನಿಸುವುದು ಸರಿಯೇ. ಆದ್ದರಿಂದ ಯಾವ ದಾರಿಯಾದರೂ ಪತ್ರದಲ್ಲಿ ಎರಡೂ ಕಡೆಯ ಸಹಿ ಇರಲಿ, ಹಳಬರ ಲೆಟರ್‌ಹೆಡ್‌ನಲ್ಲೇ ಹೋಗಲಿ.

ಹಳೆಯ ಬಿಲ್ಲಿನಲ್ಲಿ ತಪ್ಪಿದ್ದು ಕ್ರೆಡಿಟ್ ನೋಟ್ ಕೊಡಬೇಕಾದರೆ ಅದನ್ನು ಬಿಲ್ ಹಾಕಿದ ಜಿಎಸ್‌ಟಿ ನಂಬರಿನಿಂದಲೇ ಕೊಡಬೇಕು. ವ್ಯವಹಾರ ಹೋಯಿತಲ್ಲ ಎಂದು ಹಳೆಯ ನೋಂದಣಿಯನ್ನು ಮರುತಿಂಗಳೇ ರದ್ದು ಮಾಡಿಸಿದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಬಾಕಿ, ತಕರಾರು ಎಲ್ಲ ಮುಗಿಯುವವರೆಗೆ ಅದು ಜೀವಂತವಿರಲಿ.

ವಿಲೀನದಲ್ಲಿ ಇದೇ ಜಾಗದಲ್ಲಿ ಬೇರೊಂದು ಗಾಬರಿ. ವಿಲೀನದ ಯೋಜನೆಯಲ್ಲಿ ಏಪ್ರಿಲ್ 1ರಿಂದ ಜಾರಿ ಎಂದಿರುತ್ತದೆ, ನ್ಯಾಯಮಂಡಳಿಯ ಆದೇಶ ಬರುವುದು ನವೆಂಬರಿಗೆ. "ಏಪ್ರಿಲಿನಿಂದ ಹಾಕಿದ ಬಿಲ್ಲುಗಳನ್ನೆಲ್ಲ ಹೊಸ ಹೆಸರಲ್ಲಿ ಮತ್ತೆ ಮಾಡಬೇಕಾ?" ಬೇಡ. ಜಿಎಸ್‌ಟಿ ಕಾಯ್ದೆಯ 87ನೇ ಕಲಮಿನಂತೆ ಆದೇಶದ ದಿನದವರೆಗೆ ಎರಡೂ ಬೇರೆ ಬೇರೆ ಕಂಪನಿಗಳೇ. ಹಳೆಯ ಬಿಲ್ಲುಗಳು ಹಳೆಯ ನಂಬರಿನಲ್ಲೇ ನಿಲ್ಲುತ್ತವೆ. ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ಏಪ್ರಿಲ್ 1ನ್ನು ಹೆಸರಿಸಲೇಬೇಡಿ, ಅದು ನಿಮ್ಮ ಲೆಕ್ಕದ ತಾರೀಖು. ಆದೇಶ ಯಾವತ್ತು ಬರುತ್ತದೆಂದು ಮೊದಲೇ ಗೊತ್ತಾಗದ ಕಾರಣ, ವೆಂಡರ್ ಕೋಡ್‌ನ ಕಾಗದಗಳನ್ನು ಮುಂಚೆಯೇ ಕೊಟ್ಟಿಟ್ಟು "ಬದಲಾವಣೆಯ ದಿನ ಇನ್ನೊಂದು ಪತ್ರದಲ್ಲಿ ತಿಳಿಸುತ್ತೇವೆ" ಎನ್ನುವುದೇ ಸರಿಯಾದ ಕ್ರಮ.

ಖಾತೆ ನಂಬರ್ ಮೇಲ್‌ನಲ್ಲಿ ಬೇಡ

ಕಂಪನಿ ಮಾರಾಟವಾದ ಸುದ್ದಿ ಹೊರಬಿದ್ದ ವಾರ ಕಳ್ಳರಿಗೆ ಸುಗ್ಗಿ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಒಂದಕ್ಷರ ಆಚೀಚೆಯಿರುವ ವಿಳಾಸದಿಂದ ಬರುವ ಮೇಲ್ ಆ ವಾರ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಯಾಕೆಂದರೆ ನಿಜವಾಗಿಯೂ ಬದಲಾಗಿದೆ. ಆದ್ದರಿಂದ ಸುದ್ದಿಯ ಪತ್ರ ಬೇರೆ, ಖಾತೆಯ ಪತ್ರ ಬೇರೆ ಇರಬೇಕು ಎಂಬುದು ನನ್ನ ಹಟ. ಸುದ್ದಿಯ ಮೇಲ್‌ನಲ್ಲಿ ಖಾತೆ ನಂಬರ್ ಹಾಕದೆ ಹೀಗೆ ಬರೆಯಿರಿ:

> ಹೊಸ ಖಾತೆಯ ವಿವರ ಸಹಿ ಮಾಡಿದ ಪತ್ರ ಮತ್ತು ರದ್ದು ಮಾಡಿದ ಚೆಕ್‌ನೊಂದಿಗೆ ನಿಮ್ಮ ಕೈಗೇ ಬರುತ್ತದೆ. ಮೇಲ್ ಅಥವಾ ವಾಟ್ಸ್ಆಪ್‌ನಲ್ಲಿ ನಾವು ಖಾತೆ ಬದಲಾವಣೆ ತಿಳಿಸುವುದಿಲ್ಲ. ಅಂಥದ್ದು ಬಂದರೆ, ನಿಮ್ಮ ಬಳಿ ಮೊದಲಿಂದಲೂ ಇರುವ ನಂಬರಿಗೆ ಫೋನ್ ಮಾಡಿ ಕೇಳಿ.

"ಮೊದಲಿಂದಲೂ ಇರುವ ನಂಬರ್" ಎಂಬುದು ಮುಖ್ಯ. ಬಂದ ಮೇಲ್‌ನಲ್ಲೇ ಇರುವ ನಂಬರಿಗೆ ಫೋನ್ ಮಾಡಿದರೆ ಕಳ್ಳನೇ ಎತ್ತಿಕೊಂಡು "ಹೌದು ಸಾರ್" ಎನ್ನುತ್ತಾನೆ. ಮೊದಲ ಪಾವತಿಗೆ ಮುಂಚೆ ಒಂದು ರೂಪಾಯಿ ಹಾಕಿ ನೋಡುವುದು ಹಳೆಯ ರೂಢಿ. 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್, ನೆಫ್ಟ್‌ನಲ್ಲೂ ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು, ಅದನ್ನೂ ಬಳಸಲು ಹೇಳಿ. ಹಣ ಹೋಗಿಬಿಟ್ಟಿದ್ದರೆ ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಮಿಕ್ಕ ವಿಚಾರಣೆ ಆಮೇಲೆ.

ಯಾರಿಗೆ ಫೋನ್ ಮಾಡಬೇಕು

ಸಂಪರ್ಕದ ವಿಷಯದಲ್ಲಿ ಕೊಂಡವರಿಗೂ ಮಾರಿದವರಿಗೂ ಸದಾ ಜಗಳ. ದೊಡ್ಡ ಕಂಪನಿಗೆ ತನ್ನ ಸಹಾಯವಾಣಿಯನ್ನು ಮೊದಲ ದಿನದಿಂದಲೇ ಕೊಡುವ ಆಸೆ. ಗ್ರಾಹಕರಿಗೆ ಮಾತ್ರ ಬೇಕಾದದ್ದು ರಾತ್ರಿ ಹನ್ನೊಂದಕ್ಕೆ ಯುಪಿಎಸ್ ಕೂಗಿದಾಗ ಫೋನ್ ಎತ್ತುತ್ತಿದ್ದ ಅದೇ ಎಂಜಿನಿಯರ್. ಹಳೆಯ ವ್ಯಕ್ತಿ, ಹಳೆಯ ನಂಬರ್ 90 ದಿನ ಇರಲಿ. ಹೊಸ ಸಹಾಯವಾಣಿಯನ್ನು ಎರಡನೆಯ ನಂಬರಾಗಿ ಕೊಡಿ, ಜನ ತಾವಾಗಿಯೇ ಅತ್ತ ಸರಿಯುತ್ತಾರೆ.

ಆದರೆ ಹೆಸರು ಬರೆಯುವ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ನಾನು ನೋಡಿದ ಒಂದು ವರ್ಗಾವಣೆಯಲ್ಲಿ "ನಿಮ್ಮ ಎಂಜಿನಿಯರ್ ಇವರೇ ಮುಂದುವರಿಯುತ್ತಾರೆ" ಎಂದು ಹೆಸರು ಸಮೇತ ಪತ್ರ ಹೋಯಿತು. ಆತನಿಗೆ ಹೊಸ ಕಂಪನಿಯ ನೇಮಕಾತಿ ಪತ್ರವೇ ಇನ್ನೂ ಸಿಕ್ಕಿರಲಿಲ್ಲ. ಹತ್ತು ದಿನಕ್ಕೆ ಆತ ಬೇರೆಡೆ ಸೇರಿಕೊಂಡ, ಅವನ ಹಿಂದೆಯೇ ಮೂರು ಗ್ರಾಹಕರು. ವ್ಯವಹಾರ ವರ್ಗಾವಣೆಯಲ್ಲಿ ಸಿಬ್ಬಂದಿ ಮೇಜು ಕುರ್ಚಿಯ ಜೊತೆ ತಾವಾಗಿ ಹೋಗಿಬಿಡುವುದಿಲ್ಲ. ಅವರ ಸಹಿಯಾದ ಮೇಲೆ ಅವರ ಹೆಸರು ಪತ್ರಕ್ಕೆ. ಇನ್ನೊಂದು ಸಣ್ಣ ವಿಷಯ: ಗ್ರಾಹಕರ ಬಳಿ ಇರುವುದು ಎಂಜಿನಿಯರ್‌ನ ಸ್ವಂತ ಮೊಬೈಲ್ ನಂಬರೋ, ಕಂಪನಿಯ ಸಿಮ್ಮೋ ನೋಡಿ. ಕಂಪನಿಯದಾದರೆ ಸಿಮ್ ಹಳಬರ ಹೆಸರಿನಲ್ಲಿ ಬಿಲ್ ಕಟ್ಟದೆ ಸತ್ತುಹೋಗದಂತೆ ವರ್ಗಾಯಿಸಿಕೊಳ್ಳಿ. ಹಳೆಯ ಮೇಲ್ ವಿಳಾಸಗಳಿಗೆ ಬಂದದ್ದು ಹೊಸದಕ್ಕೆ ತಲುಪುವ ಏರ್ಪಾಡು ಕನಿಷ್ಠ ಒಂದು ವರ್ಷ ಇರಲಿ. ಡೊಮೇನ್‌ನ ಬಾಡಿಗೆಯನ್ನು ಅದಕ್ಕಿಂತಲೂ ಹೆಚ್ಚು ಕಾಲ ಕಟ್ಟಿ. ಬಿಟ್ಟ ಡೊಮೇನನ್ನು ಯಾರು ಬೇಕಾದರೂ ಕೊಂಡು ನಿಮ್ಮ ಹೆಸರಿನಲ್ಲಿ ಖಾತೆ ನಂಬರ್ ಕಳಿಸಬಹುದು.

ಒಂದೇ ದಿನಕ್ಕೆ ಕಡಿದು ಬದಲಿಸುವುದೋ, ಹಳತು ಹೊಸತು ಎರಡೂ ಜೊತೆಯಾಗಿ ನಡೆಯಲು ಬಿಡುವುದೋ ಎಂಬ ಪ್ರಶ್ನೆಗೆ ನಮ್ಮ ಊರಿನದೇ ಉದಾಹರಣೆಯಿದೆ. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ. ಆದರೆ SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜೂನ್ 30ರವರೆಗೆ, ಹದಿನೈದು ತಿಂಗಳು ನಡೆದವು. ಹೊಸ ಕೋಡ್ ಕಂಡುಹಿಡಿಯಲು SYNB ಜಾಗಕ್ಕೆ CNRB ಹಾಕಿ ಮುಂದಿನ ಸಂಖ್ಯೆಗೆ 10000 ಕೂಡಿಸಿದರಾಯಿತು. ಬಾಯಲ್ಲೇ ಹೇಳಿಕೊಡಬಹುದಾದ ನಿಯಮ! ಇದಕ್ಕೆ ವ್ಯತಿರಿಕ್ತವಾಗಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿದ್ದು 2024ರ ನವೆಂಬರ್ 12ಕ್ಕೆ, ಒಂದೇ ದಿನಕ್ಕೆ. ಆದರೆ ಆ ದಿನದ ನಂತರದ ಪ್ರಯಾಣಕ್ಕೆ ವಿಸ್ತಾರಾ ಟಿಕೆಟ್ ಮಾರುವುದನ್ನು ಸೆಪ್ಟೆಂಬರ್ 3ರಿಂದಲೇ ನಿಲ್ಲಿಸಿದ್ದರು. ಹಳೆಯ ವಿಸ್ತಾರಾ ವಿಮಾನಗಳಿಗೆ AI ಬಳಿಕ 2ರಿಂದ ಶುರುವಾಗುವ ಸಂಖ್ಯೆ ಕೊಟ್ಟು, ಯಾವ ವಿಮಾನ ಎಂದು ಪ್ರಯಾಣಿಕರಿಗೆ ಗುರುತು ಸಿಗುವಂತೆ ಉಳಿಸಿದರು.

ನಿಮ್ಮ ಮಟ್ಟಕ್ಕೆ ಇದನ್ನು ಇಳಿಸಿಕೊಂಡರೆ: ಬಿಲ್ಲಿನ ಹೆಸರನ್ನು ವಿಸ್ತಾರಾದಂತೆ ಒಂದೇ ದಿನ ಬದಲಿಸಿ, ಅದರಲ್ಲಿ ಜೋಡಿ ಓಟ ಆಗದು. ಫೋನ್, ಮೇಲ್, ದೂರಿನ ನಂಬರ್‌ಗಳನ್ನು ಸಿಂಡಿಕೇಟ್ ಕೋಡ್‌ಗಳಂತೆ ಎರಡೂ ಕಡೆ ನಡೆಸಿ. ಬಗೆಹರಿಯದ ದೂರುಗಳ ಪಟ್ಟಿಯನ್ನು ವರ್ಗಾವಣೆಯ ಹಿಂದಿನ ಸಂಜೆ ಮುದ್ರಿಸಿ, ಪ್ರತಿಯೊಂದರ ಮುಂದೆ ಹೊಸ ಕಂಪನಿಯಲ್ಲಿ ಯಾರು ನೋಡುತ್ತಾರೆಂದು ಬರೆದು, ಹಳೆಯ ದೂರಿನ ಸಂಖ್ಯೆಯನ್ನೇ ಉಳಿಸಿಕೊಳ್ಳಿ. "ನಿಮ್ಮ ದೂರು ನಮ್ಮ ಸಿಸ್ಟಮ್‌ನಲ್ಲಿಲ್ಲ, ಹೊಸದಾಗಿ ಕೊಡಿ" ಎಂಬ ಮಾತು ಒಮ್ಮೆ ಕೇಳಿದರೆ ಸಾಕು, ಗ್ರಾಹಕರು ಎಎಂಸಿ ನವೀಕರಣದ ತಿಂಗಳು ಬೇರೆಯವರಿಂದ ಕೊಟೇಶನ್ ತರಿಸುತ್ತಾರೆ. ದರದ ಬಗ್ಗೆಯೂ ಅವಧಿ ಹೇಳಿ ಬರೆಯಿರಿ: "ಈಗಿನ ದರ 31 ಮಾರ್ಚ್ 2026ರವರೆಗೆ ಬದಲಾಗುವುದಿಲ್ಲ." "ಸೇವೆ ಎಂದಿನಂತೆ ಮುಂದುವರಿಯುತ್ತದೆ" ಎಂಬುದಕ್ಕೆ ಅರ್ಥವಿಲ್ಲ.

ತುಮಕೂರಿನ ಕಾರ್ಖಾನೆಯ ಲೆಕ್ಕ ನವೆಂಬರಿನಲ್ಲಿ ಮುಗಿಯಿತು. ಯಾವ ಪ್ಯಾನ್‌ಗೆ ಎಷ್ಟು ಟಿಡಿಎಸ್ ಬಂದಿದೆ ಎಂದು ತೋರಿಸುವ 26ಎಎಸ್ ಪಟ್ಟಿಯನ್ನು ಎರಡೂ ಕಂಪನಿಗಳದು ತೆಗೆದು ಗ್ರಾಹಕರಿಂದ ಗ್ರಾಹಕರಿಗೆ ತಾಳೆ ನೋಡಿದಾಗ, ಜುಲೈ ಬಿಲ್ಲಿನ ಟಿಡಿಎಸ್ ಐದು ಗ್ರಾಹಕರಲ್ಲಿ ಹೊಸ ಪ್ಯಾನ್‌ಗೆ ಬಿದ್ದಿತ್ತು. ವೆಂಡರ್ ವಿವರ ತಿದ್ದುವಾಗ ಹೊಸ ಕೋಡ್ ಮಾಡದೆ ಹಳೆಯ ಕೋಡ್‌ನಲ್ಲೇ ಪ್ಯಾನ್ ಬದಲಿಸಿಬಿಟ್ಟಿದ್ದರು. ಐವರಿಗೂ ಫೋನ್ ಮಾಡಿ ಟಿಡಿಎಸ್ ವಿವರಪಟ್ಟಿಯ ತಿದ್ದುಪಡಿ ಸಲ್ಲಿಸಲು ಕೇಳಿದೆವು. ನಾಲ್ವರು ಆ ವಾರವೇ ಮಾಡಿದರು. ಐದನೆಯವರಿಗೆ ಮಾಡಿಸಿಕೊಡಲು ಅವರ ಆಡಿಟರ್ ಕಚೇರಿಗೇ ಎರಡು ಸಲ ಹೋಗಿ ಬಂದೆ. ಅಂದಿನಿಂದ ಪತ್ರದ ನಮೂನೆಗೆ ಇನ್ನೊಂದು ಸಾಲು ಸೇರಿದೆ: "ದಯವಿಟ್ಟು ನಮ್ಮ ಹಳೆಯ ವೆಂಡರ್ ಕೋಡ್ ಅನ್ನು ತಿದ್ದಬೇಡಿ, ಹೊಸದನ್ನು ತೆರೆಯಿರಿ."